ಡಬ್ಬಿಗೂ ಬಾಟಲಿಗೂ ಹೊಂದುತ್ತದೆಯೇ?

ಪರ್ಫ್ಯೂಮ್ ಅಸಲಿಯೋ ನಕಲಿಯೋ ಎಂಬ ಅನುಮಾನ ಬಂದಾಗ ಹೆಚ್ಚಿನವರು ಬಾಟಲಿಯ ತಳ ತಿರುಗಿಸಿ ಬ್ಯಾಚ್ ಕೋಡ್ ಓದುತ್ತಾರೆ. ಕೋಡ್ ಬಿಡಿಸಿ ಹೇಳುವ ತಾಣಗಳು ಹಲವಿವೆ. ಅಲ್ಲಿ ಆ ನಾಲ್ಕೈದು ಅಕ್ಷರಗಳನ್ನು ಹಾಕಿದರೆ ತಯಾರಾದ ತಿಂಗಳು, ವರ್ಷ ತೆರೆಯ ಮೇಲೆ ಬರುತ್ತದೆ. ಬಂದೊಡನೆ ಅಸಲಿ ಮಾಲು ಎಂದು ಸಮಾಧಾನಪಡುತ್ತಾರೆ. ಆ ಸಮಾಧಾನಕ್ಕೆ ಆಧಾರವೇ ಇಲ್ಲ. ತಾಣವು ಕಂಪನಿಯ ಕೋಡಿನ ಕ್ರಮವನ್ನು ಓದುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವ ಬಾಟಲಿಯನ್ನು ನೋಡುವುದಿಲ್ಲ. ನಕಲು ಮಾಡುವವನು ಅಸಲಿ ಬಾಟಲಿಯೊಂದನ್ನು ಕೊಂಡು, ಅದರ ಕೋಡನ್ನೇ ಸಾವಿರಾರು ಡಬ್ಬಿಗಳ ಮೇಲೆ ಅಚ್ಚು ಹಾಕಿದರೆ ಅವೆಲ್ಲವೂ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ.

ಹಾಗೆಂದು ಕೋಡು ನಿರುಪಯೋಗಿ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಕೋಡು ಉಳಿದದ್ದಕ್ಕೆಲ್ಲ ಹೊಂದುತ್ತದೆಯೇ?

ಒಂದೇ ಸಲ ತಯಾರಾದ ಮಾಲಿನಲ್ಲಿ ದೋಷ ಕಂಡರೆ ಅಷ್ಟನ್ನೂ ವಾಪಸು ಪಡೆಯಲು ಅನುಕೂಲವಾಗಲಿ ಎಂದು ಈ ಕೋಡು ಹುಟ್ಟಿತು. ಯುರೋಪಿನ ಒಕ್ಕೂಟದ ಕಾನೂನಿನ ಪ್ರಕಾರ ಅದು ಬಾಟಲಿಯ ಮೇಲೂ ಹೊರಡಬ್ಬಿಯ ಮೇಲೂ ಇರಬೇಕು. ತೀರ ಸಣ್ಣ ಶೀಶೆಗಳಿಗೆ ಮಾತ್ರ ವಿನಾಯಿತಿ, ಅವಕ್ಕೆ ಡಬ್ಬಿಯ ಮೇಲಿದ್ದರೆ ಸಾಕು. ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಒಂದಕ್ಕೊಂದು ತಾಳೆಯಾಗದಿದ್ದರೆ ಆ ಬಾಟಲಿ ಆ ಡಬ್ಬಿಯದಲ್ಲ. ಅಚ್ಚು ಹಾಕಿದ ರೀತಿಯನ್ನೂ ನೋಡಿ. ಡಬ್ಬಿಯ ಮೇಲಿನ ಹೆಸರು, ವಿಳಾಸಗಳೆಲ್ಲ ಮುದ್ರಣಾಲಯದಲ್ಲಿ ಮೊದಲೇ ಆಗಿರುತ್ತವೆ. ಬ್ಯಾಚ್ ಕೋಡು ಬೀಳುವುದು ಆಮೇಲೆ, ಕಾರ್ಖಾನೆಯಲ್ಲಿ ದ್ರವ ತುಂಬಿ ಪ್ಯಾಕ್ ಮಾಡುವ ಹೊತ್ತಿಗೆ. ಆದ್ದರಿಂದ ಅಸಲಿಯಲ್ಲಿ ಅದು ಸಾಮಾನ್ಯವಾಗಿ ಒತ್ತಿ ಮೂಡಿಸಿದಂತೆ, ಇಲ್ಲವೇ ಸಣ್ಣ ಚುಕ್ಕಿಗಳಿಂದ ಬರೆದಂತೆ, ಸುತ್ತಲಿನ ಅಕ್ಷರಗಳಿಂದ ಬೇರೆಯಾಗಿ ಕಾಣುತ್ತದೆ. ವಿಳಾಸದ ಶಾಯಿಯಲ್ಲೇ, ವಿಳಾಸದ ಸಾಲಿನಷ್ಟೇ ನೇರವಾಗಿ ಕೋಡೂ ಕೂತಿದ್ದರೆ ಎರಡನ್ನೂ ಒಟ್ಟಿಗೇ ಮುದ್ರಿಸಿರುವ ಸಂಭವ ಹೆಚ್ಚು.

ಈಗ ಡಿಯೋರ್ ಕಂಪನಿಯ ಸೊವಾಜ್ ಎಲಿಕ್ಸಿರ್ ಒಂದು ನಿಮ್ಮ ಕೈಗೆ ಬಂತೆನ್ನಿ. ಡಬ್ಬಿಯಲ್ಲೂ ಬಾಟಲಿಯಲ್ಲೂ 9X01 ಎಂದಿದೆ; ತಾಳೆಯಾಯಿತು. ಡಿಯೋರ್ ಕೋಡಿನಲ್ಲಿ ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಅಕ್ಷರ ತಿಂಗಳನ್ನು ಸೂಚಿಸುತ್ತದೆ. ಅಂದರೆ ಇದು 2019ರ ಮಾಲು. ತಾಣವೂ ಅದನ್ನೇ ಹೇಳುತ್ತದೆ. ಆದರೆ ಎಲಿಕ್ಸಿರ್ ಮಾರುಕಟ್ಟೆಗೆ ಬಂದದ್ದೇ 2021ರಲ್ಲಿ. 2015ರಿಂದ ಮಾರಾಟದಲ್ಲಿರುವ ಮೂಲ ಸೊವಾಜ್‌ನ ಯಾವುದೋ ಹಳೆಯ ಕೋಡನ್ನು ಹೊಸ ಡಬ್ಬಿಗೆ ಹಾಕಿದ್ದಾರೆ, ಅಷ್ಟೆ. ಕೋಡು ಸುಳ್ಳಲ್ಲ, ಆದರೆ ಅದು ಈ ಬಾಟಲಿಯದಲ್ಲ.

ಪದಾರ್ಥಗಳ ಪಟ್ಟಿಯನ್ನೂ ಹೀಗೆಯೇ ವರ್ಷದ ಜೊತೆ ಇಟ್ಟು ನೋಡಬಹುದು. ಲಿಲಿಯಲ್ ಎಂಬ ಹೂವಿನ ಪರಿಮಳದ ರಾಸಾಯನಿಕ ಮೊದಲು ತುಂಬ ಬಳಕೆಯಲ್ಲಿತ್ತು. ಡಬ್ಬಿಯ ಮೇಲೆ ಅದರ ಹೆಸರು ಬ್ಯೂಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೋನಲ್ ಎಂದಿರುತ್ತದೆ. 2022ರ ಮಾರ್ಚ್ 1ರಿಂದ ಯುರೋಪಿನ ಒಕ್ಕೂಟದಲ್ಲಿ ಅದಕ್ಕೆ ನಿಷೇಧವಿದೆ. 2023ರ ಕೋಡು ಹೊತ್ತ ಫ್ರಾನ್ಸಿನ ಡಬ್ಬಿಯಲ್ಲಿ ಆ ಹೆಸರು ಕಂಡರೆ, ಹಳೆಯ ಡಬ್ಬಿಯ ಚಿತ್ರವನ್ನು ಯಾರೋ ಹಾಗೇ ನಕಲು ಮಾಡಿದ್ದಾರೆಂದು ಶಂಕಿಸಬೇಕು. 2018ರ ಕೋಡಿನ ಡಬ್ಬಿಯಲ್ಲಿ ಅದೇ ಹೆಸರಿದ್ದರೆ ತಪ್ಪೇನಿಲ್ಲ.

ನನ್ನ ಮಟ್ಟಿಗೆ ಕೋಡಿಗಿಂತ ನಂಬಿಕೆಗೆ ಅರ್ಹವಾದದ್ದು ಸ್ಪ್ರೇ. ಅಚ್ಚು ಹಾಕಲು ಖರ್ಚಿಲ್ಲ, ಒಳ್ಳೆಯ ಪಂಪಿಗೆ ಖರ್ಚಿದೆ. ನಕಲಿಯವನು ಕೈ ಬಿಗಿ ಹಿಡಿಯುವುದು ಅಲ್ಲೇ. ದೊಡ್ಡ ಕಂಪನಿಗಳ ಹೆಚ್ಚಿನ ಬಾಟಲಿಗಳಲ್ಲಿ ಪಂಪನ್ನು ಗಾಜಿನ ಕತ್ತಿಗೆ ಲೋಹದ ಪಟ್ಟಿಯಿಂದ ಒತ್ತಿ ಬಿಗಿದಿರುತ್ತಾರೆ, ಕೈಯಲ್ಲಿ ತಿರುಗಿಸಿ ಬಿಚ್ಚಲು ಬರುವುದಿಲ್ಲ. ಒತ್ತಿದರೆ ನಯವಾದ ಮಂಜಿನಂತೆ ಅಗಲವಾಗಿ ಹರಡುತ್ತದೆ. ನಕಲಿಯಲ್ಲಿ ಪಿಚಕಾರಿಯಂತೆ ಒಂದೇ ಧಾರೆಯಾಗಿ ಹಾರುವುದು, ಹನಿಹನಿಯಾಗಿ ಬೀಳುವುದು, ಪಂಪಿನ ಬುಡದಲ್ಲಿ ಒಸರುವುದು ಸಾಮಾನ್ಯ. ಬಿಳಿ ಕಾಗದವನ್ನು ಒಂದು ಗೇಣು ದೂರದಲ್ಲಿ ಹಿಡಿದು ಒಮ್ಮೆ ಒತ್ತಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪಂಪಿನಿಂದ ಕೆಳಗಿಳಿಯುವ ನಳಿಕೆ ಇನ್ನೂ ಸ್ವಾರಸ್ಯದ್ದು. ಶನೆಲ್‌ನ ಕೊಕೊ ಮದ್ಮುವಾಸೆಲ್‌ನಂಥ ಪಾರದರ್ಶಕ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ದ್ರವದಲ್ಲಿ ಮುಳುಗಿದ ಭಾಗದಲ್ಲಿ ನಳಿಕೆ ಇದೆಯೋ ಇಲ್ಲವೋ ಎನ್ನುವಷ್ಟು ಮಾಯವಾಗಿರುತ್ತದೆ. ಬಾಟಲಿ ಅರ್ಧ ಖಾಲಿಯಾದಾಗ ಮೇಲಿನ ಒಣ ಭಾಗ ಮಾತ್ರ ಎದ್ದು ಕಾಣುತ್ತದೆ. ಇಂಥ ನಳಿಕೆಗಳನ್ನು ಒಂದು ಬಗೆಯ ಫ್ಲೋರಿನ್ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಅದು ಬೆಳಕನ್ನು ಬಾಗಿಸುವ ಪ್ರಮಾಣವೂ ಆಲ್ಕೋಹಾಲ್ ಬಾಗಿಸುವ ಪ್ರಮಾಣವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡರ ನಡುವಿನ ಗಡಿ ಕಣ್ಣಿಗೆ ಸಿಗುವುದಿಲ್ಲ. ಅಗ್ಗದ ನಳಿಕೆ ದ್ರವದೊಳಗೂ ಬೆಳ್ಳಗೆ, ದಪ್ಪಗೆ ಕಾಣುತ್ತದೆ. ಎಷ್ಟೋ ಸಲ ಅಳತೆ ಮೀರಿ ಉದ್ದವಾಗಿ ತಳದಲ್ಲಿ ಸುತ್ತಿಕೊಂಡಿರುತ್ತದೆ. ಇದಕ್ಕೂ ಮಿತಿ ಉಂಟು: ಹಳೆಯ ಅಸಲಿ ಬಾಟಲಿಗಳಲ್ಲಿ ಸಾಧಾರಣ ನಳಿಕೆಯೇ ಇರುತ್ತಿತ್ತು, ಮತ್ತೆ ತುಂಬಿಸಿಕೊಳ್ಳುವ ಬಾಟಲಿಗಳ ಪಂಪು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ.

ಸೆಲ್ಲೋಫೇನ್ ಹೊದಿಕೆಗೆ ಜನ ಕೊಡುವ ಬೆಲೆ ಅತಿಯಾಯಿತು. “ಸೀಲ್ ಪ್ಯಾಕ್ ಇದೆ ಸಾರ್” ಎಂಬ ಮಾತೇ ಮಾರುವವರ ಬಂಡವಾಳ. ಅಸಲಿ ಹೊದಿಕೆಯ ತುದಿಗಳನ್ನು ಯಂತ್ರ ಸಮವಾಗಿ ಮಡಚಿ ಬಿಸಿಯಿಂದ ಅಂಟಿಸಿರುತ್ತದೆ, ಮಡಿಕೆ ಬಿಗಿಯಾಗಿ, ಗೋಂದಿನ ಕಲೆಯಿಲ್ಲದೆ ಇರುತ್ತದೆ. ಬಿಸಿಗಾಳಿಗೆ ಕುಗ್ಗಿ ಅಂಟಿಕೊಂಡ ಹಾಳೆ, ಅದರಲ್ಲಿ ಸಣ್ಣ ಗಾಳಿತೂತುಗಳು, ಉದ್ದಕ್ಕೆ ಹಾದುಹೋದ ಬೆಸುಗೆಯ ಗೆರೆ ಕಂಡರೆ ಅನುಮಾನಿಸಬಹುದು. ಆದರೆ ಮಡಚುವ ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು, ಹೊದಿಕೆಯೇ ಇಲ್ಲದೆ ಬರುವ ಅಸಲಿ ಪರ್ಫ್ಯೂಮುಗಳೂ ಬೇಕಾದಷ್ಟಿವೆ. ಹಾಗಾಗಿ ಕೆಟ್ಟ ಹೊದಿಕೆ ಒಂದು ಎಚ್ಚರಿಕೆ, ಒಳ್ಳೆಯ ಹೊದಿಕೆ ಏನನ್ನೂ ಸಾಬೀತು ಮಾಡುವುದಿಲ್ಲ.

ಬಣ್ಣದ ವಿಚಾರದಲ್ಲಿ ಅವಸರದ ತೀರ್ಪು ಬೇಡ. ವೆನಿಲಾ ಪರಿಮಳ ಕೊಡುವ ವೆನಿಲಿನ್ ಇರುವ ದ್ರವ ವರ್ಷ ಕಳೆದಂತೆ ಕಂದಾಗುತ್ತದೆ. ಅಂಗಡಿಯ ಕಿಟಕಿಯ ಬಿಸಿಲಿನಲ್ಲಿ ನಿಂತ ಬಾಟಲಿಯ ಕೃತಕ ಬಣ್ಣ ಮಾಸುತ್ತದೆ. ಹೀಗೆ ಎರಡು ಅಸಲಿ ಬಾಟಲಿಗಳೇ ಒಂದರಂತೆ ಒಂದು ಕಾಣದಿರಬಹುದು. ಸೊವಾಜ್‌ನಂಥ ಕಡುಗಾಜಿನ ಬಾಟಲಿಯಲ್ಲಂತೂ ಹೊರಗಿನಿಂದ ಬಣ್ಣವೇ ಗೊತ್ತಾಗುವುದಿಲ್ಲ. ಬಣ್ಣವನ್ನೂ ಡಬ್ಬಿಯ ಜೊತೆಗೇ ತಾಳೆ ನೋಡಬೇಕು. ಬಣ್ಣ ಬೆರೆಸಿದ್ದರೆ ಪಟ್ಟಿಯ ಕೊನೆಯಲ್ಲಿ CI 14700, CI 19140ರಂಥ ಸಂಖ್ಯೆಗಳಿರುತ್ತವೆ. ಮೊದಲನೆಯದು ಕೆಂಪು, ಎರಡನೆಯದು ಹಳದಿ. ದ್ರವ ಢಾಳಾದ ಗುಲಾಬಿ, ಪಟ್ಟಿಯಲ್ಲಿ CI ಎಂಬುದರ ಸುಳಿವೇ ಇಲ್ಲ ಎಂದಾದರೆ ಉತ್ತರ ಬೇಕು. ತಳದಲ್ಲಿ ಗಸಿ, ತೇಲುವ ಎಳೆ, ಹಾಲಿನಂಥ ಮಬ್ಬು ಕಂಡರೂ ಹಾಗೆಯೇ. ಆದರೆ ತುಂಬ ತಣ್ಣಗಾದ ಅಸಲಿ ದ್ರವವೂ ಮಬ್ಬಾಗಬಹುದು, ಅದು ಕೋಣೆಯ ಬಿಸಿಗೆ ಬಂದರೆ ಮತ್ತೆ ತಿಳಿಯಾಗುತ್ತದೆ.

ಇಲ್ಲಿನ ಅಂಗಡಿಯಲ್ಲಿ ಕೊಳ್ಳುವಾಗ ಇನ್ನೊಂದನ್ನು ನೋಡಬೇಕು. ಆಮದಾದ ಪರ್ಫ್ಯೂಮಿನ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವುದು ಭಾರತದಲ್ಲಿ ಕಡ್ಡಾಯ. ದುಬೈಯಿಂದಲೋ ದೋಹಾದಿಂದಲೋ ಮನೆಯವರು ತಂದ ಬಾಟಲಿಯಲ್ಲಿ ಆ ಚೀಟಿ ಇರುವುದಿಲ್ಲ, ಅದು ಸಹಜ. ಬೆಂಗಳೂರಿನ ಅಂಗಡಿಯಲ್ಲೂ ಇಲ್ಲದಿದ್ದರೆ ಮಾಲು ನಕಲಿಯಾಗಿರಬಹುದು, ತೆರಿಗೆ ತಪ್ಪಿಸಿ ಬಂದ ಅಸಲಿಯೂ ಆಗಿರಬಹುದು. ಆನ್‌ಲೈನಿನಲ್ಲಿ ಬಳಸಿದ ಬಾಟಲಿ ಕೊಳ್ಳುವವರು ಹಣ ಕಳಿಸುವ ಮೊದಲು ಮೂರು ಫೋಟೊ ಕೇಳಲಿ: ಡಬ್ಬಿಯ ತಳ, ಬಾಟಲಿಯ ಕೋಡು, ಬೆಳಕಿಗೆ ಹಿಡಿದ ನಳಿಕೆ. ಡಬ್ಬಿ ಕಳೆದುಹೋಗಿದೆ ಎನ್ನುವವರಲ್ಲಿ ಪ್ರಾಮಾಣಿಕರೂ ಇರುತ್ತಾರೆ, ಆದರೆ ಡಬ್ಬಿ ಇಲ್ಲದ ಮೇಲೆ ತಾಳೆ ನೋಡಲು ನಿಮಗೆ ಉಳಿಯುವುದು ಪಂಪು ಮತ್ತು ನಳಿಕೆ ಮಾತ್ರ.