ಓದಿದ್ದು ಉಳಿಯಿತೇ? ವಾರ ಬಿಟ್ಟು ನೋಡಿ

ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ ಎಂಬ ಮಾತು ಶಾಲೆಗಳಲ್ಲಿ ಬೇರೂರಿದೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಅದಕ್ಕಿರುವ ಪುರಾವೆಗಳನ್ನು ಜಾಲಾಡಿದರು. ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಇಷ್ಟಪಡುವ ರೀತಿಯೇ ಫಲ ಕೊಡುವ ರೀತಿಯಾಗಬೇಕಿಲ್ಲ.

ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳಿಗೆ ಸಣ್ಣ ಪಾಠಗಳನ್ನು ಕೊಟ್ಟರು. ಐದು ನಿಮಿಷದ ನಂತರ ಮತ್ತೆ ಓದಿದ್ದೇ ಮೇಲಾಯಿತು. ವಾರದ ಬಳಿಕ ಫಲಿತಾಂಶ ತಿರುಗಿತು: ಮತ್ತೆ ಓದಿದ್ದರಲ್ಲಿ ಶೇ. 42, ನೆನಪಿನಿಂದ ಬರೆದಿದ್ದರಲ್ಲಿ ಶೇ. 56 ಉಳಿದಿತ್ತು.

ಪಿಯುಸಿ ವಿದ್ಯಾರ್ಥಿಯೂ ಇದನ್ನು ಪರೀಕ್ಷಿಸಬಹುದು. ಜೀವಶಾಸ್ತ್ರದ ಸಮಾನ ಕಷ್ಟದ ಎರಡು ಭಾಗಗಳಿಗೆ ಅರ್ಧರ್ಧ ಗಂಟೆ. ಒಂದನ್ನು ಎರಡು ಬಾರಿ ಓದಬೇಕು; ಇನ್ನೊಂದನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ ಬರೆದು, ತಪ್ಪು ತಿದ್ದಬೇಕು. ವಾರದ ನಂತರ ಎರಡಕ್ಕೂ ಹತ್ತತ್ತು ಪ್ರಶ್ನೆ. ಒಂದು ಸಲದ ಅಂಕ ನಂಬಬೇಡಿ, ಬೇರೆ ಪಾಠಗಳಲ್ಲೂ ನೋಡಿ. ವೇಳಾಪಟ್ಟಿ ಬರೆಯುವುದು ಆಮೇಲೆ.