ನಿಮ್ಮ ನಿರೀಕ್ಷೆ ಎಷ್ಟು ಎಂದು ಕೇಳಿದಾಗ

ಬೆಂಗಳೂರಿನ ಖಾಸಗಿ ಕಂಪನಿಗಳಿಂದ ಬರುವ ಮೊದಲ ಫೋನಿನಲ್ಲೇ ಎಚ್‌ಆರ್‌ನವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ: ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ? ಕೆಲಸದ ವಿವರ ಸರಿಯಾಗಿ ತಿಳಿಯುವ ಮೊದಲೇ ನೀವು ಹೇಳಿದ ಮೊತ್ತ ಅವರ ಪಟ್ಟಿ ಸೇರುತ್ತದೆ. ಮುಂದಿನ ಚೌಕಾಸಿಯೆಲ್ಲ ಅದರ ಸುತ್ತಲೇ ನಡೆಯುತ್ತದೆ.

ಹಾಗಾಗಿ ಲೆಕ್ಕ ಮೊದಲೇ ಆಗಿರಬೇಕು, ಅದೂ ಸಿಟಿಸಿಯಲ್ಲಿ ಅಲ್ಲ. 9 ಲಕ್ಷ ಸಿಟಿಸಿ ಎಂದರೆ ತಿಂಗಳಿಗೆ 75 ಸಾವಿರ ಎಂದು ಅನ್ನಿಸುತ್ತದೆ. ಅದರಲ್ಲಿ 90 ಸಾವಿರ ವೇರಿಯಬಲ್ ಎಂದುಕೊಳ್ಳಿ. ಕಂಪನಿಗೆ ಒಳ್ಳೆಯ ವರ್ಷವಾದರಷ್ಟೇ ಅದು ಪೂರ್ತಿ ಸಿಕ್ಕೀತು. ಉಳಿದ 8.1 ಲಕ್ಷವೇ ಫಿಕ್ಸೆಡ್. ಬೇಸಿಕ್ 4.5 ಲಕ್ಷವಿದ್ದು ಅದರ ಮೇಲೆ ಪಿಎಫ್ ಕಟ್ಟುವುದಾದರೆ, ಕಂಪನಿಯ ಪಾಲು 54 ಸಾವಿರ, ನಿಮ್ಮ ಪಾಲು ಇನ್ನೊಂದು 54 ಸಾವಿರ, ಗ್ರಾಚ್ಯುಟಿಗೆಂದು ಸುಮಾರು 21,600 ಕಳೆಯುತ್ತದೆ. ಕೈಗೆ ಬರುವುದು ತಿಂಗಳಿಗೆ ಸುಮಾರು 56,500. ಹೊಸ ಕಡೆ ಕನಿಷ್ಠ 70 ಸಾವಿರ ಕೈಗೆ ಬೇಕೆಂದರೆ, ಇದೇ ರಚನೆಯಲ್ಲಿ ಫಿಕ್ಸೆಡ್ 10 ಲಕ್ಷವಾದರೂ ಇರಬೇಕು. ಅದಕ್ಕಿಂತ ಕೆಳಗೆ ಇಳಿಯಬಾರದು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಳ್ಳಿ, ಬಾಯಿಬಿಟ್ಟು ಹೇಳಬೇಡಿ.

ಇನ್ನು ಮಾರುಕಟ್ಟೆ ದರ. ಅದೇ ಕೆಲಸಕ್ಕೆ ಇತ್ತೀಚೆಗೆ ಸೇರಿದ ಗೆಳೆಯರನ್ನು ಕೇಳಿ. 11ರಿಂದ 13 ಲಕ್ಷ ನಡೆಯುತ್ತಿದೆ ಎಂದು ತಿಳಿದರೆ, ಹಳೆಯ ಸಂಬಳದ ಮೇಲೆ ಶೇ 20 ಹೆಚ್ಚಿಸಿ ಕೇಳುವ ರೂಢಿ ನಿಮಗೇ ನಷ್ಟ.

ಫೋನಿನಲ್ಲಿ ಮೊದಲು ಹೀಗೆ ಕೇಳಿ: “ಈ ಹುದ್ದೆಗೆ ನಿಮ್ಮ ಬಜೆಟ್ ಎಷ್ಟಿದೆ ಮೇಡಂ?” ಎಷ್ಟೋ ಜನ ಹೇಳಿಬಿಡುತ್ತಾರೆ. ಹೇಳದಿದ್ದರೆ, “ಫಿಕ್ಸೆಡ್ 11.5ರಿಂದ 12.5 ಲಕ್ಷದೊಳಗೆ ನೋಡ್ತಿದ್ದೀನಿ, ಕೆಲಸದ ಜವಾಬ್ದಾರಿ ತಿಳಿದ ಮೇಲೆ ಅಂತಿಮವಾಗಿ ಹೇಳ್ತೀನಿ” ಎನ್ನಿ. ‘ಫಿಕ್ಸೆಡ್’ ಎಂಬ ಮಾತನ್ನು ಬಿಡಬೇಡಿ. ಕೆಳಗಿನ ಅಂಕಿಯನ್ನೇ ಅವರು ಬರೆದುಕೊಳ್ಳುವ ಸಾಧ್ಯತೆ ಹೆಚ್ಚು; ಅದು ನಿಮ್ಮ ಗೆರೆಗಿಂತ ಮೇಲಿರಲಿ. “10ರಿಂದ 15” ಎಂದರೆ 10 ಎಂದೇ ಅರ್ಥ.

“ಸ್ವಲ್ಪ ಜಾಸ್ತಿ ಆಯ್ತಲ್ಲ” ಎಂದರೆ ಕೂಡಲೇ ಇಳಿಸಬೇಡಿ. ಎಷ್ಟು ಅಂತರವಿದೆ ಎಂದು ಕೇಳಿ. ಒಂದು ಲಕ್ಷದ ಅಂತರವಾದರೆ ಮಾತು ಮುಂದುವರಿಸಬಹುದು. ಅವರ ಮಿತಿಯೇ 8 ಲಕ್ಷವಾದರೆ ಇಬ್ಬರ ಸಮಯವೂ ಉಳಿಯಿತು. ಈಗಿನ ಸಂಬಳವನ್ನು ಮಾತ್ರ ಉಬ್ಬಿಸಬೇಡಿ. ಆಫರ್‌ಗೆ ಮುನ್ನ ಪೇಸ್ಲಿಪ್ ಕೇಳುವುದು ಸಾಮಾನ್ಯ, ಸುಳ್ಳು ಅಲ್ಲಿ ಸಿಕ್ಕಿಬಿದ್ದರೆ ಕೆಲಸವೇ ಕೈತಪ್ಪುತ್ತದೆ.

ಸಂದರ್ಶನದಲ್ಲಿ ರಾತ್ರಿ ಪಾಳಿ ಇದೆ, ತಂಡ ನಡೆಸಬೇಕು ಎಂದೆಲ್ಲ ತಿಳಿದುಬಂದರೆ ಮೊದಲು ಹೇಳಿದ ಮೊತ್ತ ಬದಲಿಸಬಹುದು. ಆ ಕಾರಣವನ್ನೇ ಹೇಳಿ ಹೊಸ ಮೊತ್ತ ಕೇಳಿ, ಆದರೆ ಆಫರ್ ಲೆಟರ್ ತಯಾರಾಗುವ ಮೊದಲೇ.