ಕಣ್ಣು, ರೆಕ್ಕೆ, ನೀರು: ಕೋಳಿ ಲಸಿಕೆಯ ಮೂರು ದಾರಿಗಳು

ಕೋಳಿಮರಿಗಳ ಕಣ್ಣಿಗೆ ಬಿಡುವ, ರೆಕ್ಕೆಗೆ ಚುಚ್ಚುವ, ಕುಡಿಯುವ ನೀರಿನಲ್ಲಿ ಬೆರೆಸುವ ಲಸಿಕೆಗಳೆಲ್ಲ ಜೀವಂತ ಲಸಿಕೆಗಳು. ರೋಗ ತರುವ ವೈರಸ್ಸಿನ ಸೌಮ್ಯ ತಳಿಯೊಂದನ್ನು ಬೆಳೆಸಿ, ಘನೀಕರಿಸಿ ಒಣಗಿಸಿ, ಸಣ್ಣ ಗಾಜಿನ ಸೀಸೆಯಲ್ಲಿ ಬಿಲ್ಲೆಯಂತೆ ಕೂರಿಸಿರುತ್ತಾರೆ. ಈ ವೈರಸ್ಸು ಜೀವಂತವಾಗಿಯೇ ಕೋಳಿಯ ದೇಹ ಸೇರಬೇಕು, ಅಲ್ಲಿ ಕೆಲವು ದಿನ ವೃದ್ಧಿಯಾಗಬೇಕು. ಆಗ ಮಾತ್ರ ರೋಗನಿರೋಧಕ ಶಕ್ತಿ ಹುಟ್ಟುತ್ತದೆ. ಸೀಸೆಯಿಂದ ಕೋಳಿಯ ದೇಹದವರೆಗಿನ ದಾರಿಯಲ್ಲಿ ಎಲ್ಲಿ ವೈರಸ್ಸು ಸತ್ತರೂ ಕೋಳಿಗೆ ಸಿಗುವುದು ಬರೀ ನೀರು. ಲಸಿಕೆ ಹಾಕಿದ ಮೇಲೂ ರೋಗ ಬಂತು ಎಂಬ ದೂರುಗಳಲ್ಲಿ ಹಲವು ಈ ದಾರಿಯಲ್ಲೇ ಹುಟ್ಟುತ್ತವೆ.

ಕರ್ನಾಟಕದ ಕೋಳಿ ಸಾಕಣೆಯಲ್ಲಿ ಈ ಮೂರು ವಿಧಾನಗಳೂ ಬಳಕೆಯಲ್ಲಿವೆ. ಕೊಕ್ಕರೆ ರೋಗದ ವಿರುದ್ಧ 5ರಿಂದ 7ನೇ ದಿನದಲ್ಲಿ ಎಫ್ ಅಥವಾ ಲಸೋಟ ತಳಿಯ ಲಸಿಕೆಯನ್ನು ಕಣ್ಣಿಗೆ ಬಿಡುತ್ತಾರೆ. ಸುಮಾರು 14ನೇ ದಿನ ಗುಂಬೊರೊ ಲಸಿಕೆಯನ್ನು ನೀರಿನಲ್ಲಿ ಕೊಡುತ್ತಾರೆ. ಮೊಟ್ಟೆ ಕೋಳಿ ಮತ್ತು ಹಿತ್ತಲ ಕೋಳಿಗಳಿಗೆ 6ರಿಂದ 8 ವಾರದಲ್ಲಿ ಸಿಡುಬಿನ ಲಸಿಕೆಯನ್ನು ರೆಕ್ಕೆಗೆ ಚುಚ್ಚುತ್ತಾರೆ. ಕೊಕ್ಕರೆ ರೋಗಕ್ಕೆ ರಾಣಿಖೇತ್ ರೋಗ ಎಂಬ ಹೆಸರೂ ಇದೆ. 1920ರ ದಶಕದ ಕೊನೆಯಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಅದು ಕಾಣಿಸಿಕೊಂಡದ್ದರಿಂದ ಭಾರತದಲ್ಲಿ ಆ ಹೆಸರು ನಿಂತಿತು.

ಕಣ್ಣಿಗೆ ಹನಿ

ಕೋಳಿಯ ಕಣ್ಣುಗುಡ್ಡೆಯ ಹಿಂದೆ ಹಾರ್ಡರ್ ಗ್ರಂಥಿ ಎಂಬ ಪುಟ್ಟ ಗ್ರಂಥಿಯಿದೆ. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ತಯಾರಾಗುವ ಜಾಗಗಳಲ್ಲಿ ಇದೂ ಒಂದು. ಕಣ್ಣಿಗೆ ಬಿದ್ದ ಹನಿ ಈ ಗ್ರಂಥಿಯನ್ನು ಎಚ್ಚರಿಸುತ್ತದೆ. ಕಣ್ಣೀರಿನ ನಾಳದ ಮೂಲಕ ಇಳಿದು ಮೂಗು, ಗಂಟಲುಗಳನ್ನೂ ತಲುಪುತ್ತದೆ. ಕೊಕ್ಕರೆ ರೋಗದ ವೈರಸ್ಸು ಸಾಮಾನ್ಯವಾಗಿ ಒಳಹೊಗುವುದೂ ಇಲ್ಲಿಂದಲೇ. ಹೀಗಾಗಿ ರೋಗ ಬರುವ ಬಾಗಿಲಲ್ಲೇ ಕಾವಲು ಸಿದ್ಧವಾಗುತ್ತದೆ. ಜೊತೆಗೆ ಪ್ರತಿ ಮರಿಯನ್ನೂ ಕೈಯಲ್ಲಿ ಹಿಡಿಯುವುದರಿಂದ ಯಾವ ಮರಿಗೂ ಲಸಿಕೆ ತಪ್ಪುವುದಿಲ್ಲ.

ಲಸಿಕೆಯ ಜೊತೆಗೆ ಬರುವ ದ್ರಾವಣವನ್ನು ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗಾಗಿಸಿಕೊಳ್ಳಬೇಕು. ಅದರಲ್ಲಿ ಸ್ವಲ್ಪವನ್ನು ಸೀಸೆಗೆ ಹಾಕಿ, ಬಿಲ್ಲೆ ಕರಗುವಂತೆ ಮೆಲ್ಲನೆ ಅಲುಗಿಸಿ, ಮತ್ತೆ ದ್ರಾವಣದ ಬಾಟಲಿಗೆ ಸುರಿಯಬೇಕು. ಜೋರಾಗಿ ಕುಲುಕಿ ನೊರೆ ಬರಿಸಬಾರದು. ಒಂದು ಹನಿ ಎಂದರೆ ಸುಮಾರು 0.03 ಮಿಲಿಲೀಟರ್, 1,000 ಮರಿಗಳ ಲಸಿಕೆಗೆ ಸುಮಾರು 30 ಮಿಲಿಲೀಟರ್ ದ್ರಾವಣ ಬರುವುದು ಈ ಲೆಕ್ಕದಿಂದಲೇ. ಮರಿಯ ತಲೆಯನ್ನು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಮೇಲೆ ಬರುವಂತೆ ಹಿಡಿದು, ಡ್ರಾಪರ್ ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿಸಿ ಹನಿ ಬಿಡಬೇಕು. ಬಾಟಲಿ ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ. ತುದಿ ಕಣ್ಣಿಗೆ ತಾಗಿದರೆ ಕಣ್ಣಿಗೆ ಗಾಯವಾಗಬಹುದು, ಒಂದು ಮರಿಯ ಸೋಂಕು ಇನ್ನೊಂದಕ್ಕೆ ದಾಟಬಹುದು.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಅವಸರದ್ದು. ಹನಿ ಬಿದ್ದ ಮೇಲೆ ಮರಿ ಕಣ್ಣು ಪಿಳುಕಿಸಿ, ಹನಿ ಕಣ್ಣಿನಲ್ಲಿ ಇಂಗುವವರೆಗೆ ಹಿಡಿದಿರಬೇಕು. ತಕ್ಷಣ ಕೆಳಗೆ ಬಿಟ್ಟರೆ ಮರಿ ತಲೆ ಕೊಡವುತ್ತದೆ, ಹನಿ ಹೊರಗೆ ಹಾರಿಹೋಗುತ್ತದೆ. ಕೆಲವು ದ್ರಾವಣಗಳಲ್ಲಿ ನೀಲಿ ಬಣ್ಣ ಬೆರೆಸಿರುತ್ತಾರೆ. ಲಸಿಕೆ ಹಾಕಿದ ಕೂಡಲೇ ಕೆಲವು ಮರಿಗಳ ಬಾಯಿ ತೆರೆದು ನೋಡಿ, ನಾಲಿಗೆಯ ಮೇಲೆ ನೀಲಿ ಕಂಡರೆ ಹನಿ ಸರಿಯಾಗಿ ಇಳಿದಿದೆ ಎಂದು ತಿಳಿಯಬಹುದು. ಬೆರೆಸಿದ ಲಸಿಕೆಯನ್ನು ಐಸ್ ಪ್ಯಾಕ್ ಮೇಲಿಟ್ಟುಕೊಂಡು ಎರಡು ಗಂಟೆಯೊಳಗೆ ಮುಗಿಸಬೇಕು. ಈ ವೈರಸ್ಸು ಮನುಷ್ಯರ ಕಣ್ಣಿಗೆ ಸಿಡಿದರೆ ಕಣ್ಣು ಕೆಂಪಾಗಿ ಊದಿಕೊಳ್ಳಬಹುದು. ಆದ್ದರಿಂದ ಕೆಲಸದ ನಡುವೆ ಕಣ್ಣು ಉಜ್ಜಬಾರದು, ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು.

ರೆಕ್ಕೆಯ ಪೊರೆಗೆ ಚುಚ್ಚುವುದು

ಕೋಳಿ ಸಿಡುಬು ಚರ್ಮದ ರೋಗ. ಸೊಳ್ಳೆ ಕಚ್ಚಿದ ಜಾಗದಿಂದಲೋ ಸಣ್ಣ ಗಾಯದಿಂದಲೋ ಅದು ಒಳಸೇರುತ್ತದೆ. ಅದರ ಲಸಿಕೆಯನ್ನೂ ಚರ್ಮದಲ್ಲೇ ನೆಡಬೇಕು, ಕಣ್ಣಿಗೋ ನೀರಿಗೋ ಹಾಕಬಾರದು. ರೆಕ್ಕೆಯನ್ನು ಬಿಡಿಸಿ ಹಿಡಿದಾಗ ಮುಂಭಾಗದಲ್ಲಿ ತೆಳ್ಳಗಿನ ತ್ರಿಕೋನಾಕಾರದ ಪೊರೆ ಕಾಣುತ್ತದೆ. ಲಸಿಕೆಯ ಜಾಗ ಅದೇ.

ಸಾಧನ ಎರಡು ಮೊನೆಗಳ ಪುಟ್ಟ ಸೂಜಿ. ಮೊನೆಗಳ ಬದಿಯಲ್ಲಿ ಸಣ್ಣ ಗಾಡಿಯಿದ್ದು, ಒಂದು ಸಲ ಅದ್ದಿದರೆ ಸುಮಾರು 0.01 ಮಿಲಿಲೀಟರ್ ಲಸಿಕೆ ಅದರಲ್ಲಿ ನಿಲ್ಲುತ್ತದೆ. ಪುಕ್ಕಗಳನ್ನು ಬದಿಗೆ ಸರಿಸಿ, ರಕ್ತನಾಳ, ಮಾಂಸ, ಮೂಳೆ ತಪ್ಪಿಸಿ, ರೆಕ್ಕೆಯ ಒಳಬದಿಯಿಂದ ಪೊರೆಯ ಆಚೆಗೆ ದಾಟುವಂತೆ ಚುಚ್ಚಬೇಕು. ಪ್ರತಿ ಕೋಳಿಗೂ ಸೂಜಿಯನ್ನು ಹೊಸದಾಗಿ ಅದ್ದಬೇಕು. ಚುಚ್ಚುವ ಜಾಗಕ್ಕೆ ಸ್ಪಿರಿಟ್ ಹಚ್ಚಬಾರದು, ಅದು ಲಸಿಕೆಯ ವೈರಸ್ಸನ್ನೇ ಕೊಲ್ಲುತ್ತದೆ. ಸೂಜಿ ಪುಕ್ಕಗಳ ನಡುವೆ ಹಾದರೆ ಲಸಿಕೆ ಪುಕ್ಕಕ್ಕೆ ಒರೆಸಿಹೋಗಿ, ಪೊರೆಗೆ ಬರಿಗೈಯಲ್ಲಿ ತಲುಪುತ್ತದೆ.

ಫಲವನ್ನು ಕಣ್ಣಿನಿಂದಲೇ ನೋಡಿ ತಿಳಿಯಬಹುದಾದ ಲಸಿಕೆ ಇದು. ಏಳರಿಂದ ಹತ್ತು ದಿನಗಳ ನಂತರ ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಅಥವಾ ಹಕ್ಕಳೆ ಕಾಣಬೇಕು. ಶೆಡ್ಡಿನ ಬೇರೆ ಬೇರೆ ಭಾಗಗಳಿಂದ ಸುಮಾರು 50 ಕೋಳಿ ಹಿಡಿದು ರೆಕ್ಕೆ ಬಿಡಿಸಿ ನೋಡಬೇಕು. ಬಹುತೇಕ ಎಲ್ಲದರಲ್ಲೂ ಗಂಟು ಇದ್ದರೆ ಲಸಿಕೆ ಹಿಡಿದಿದೆ. ಹಲವು ಕೋಳಿಗಳಲ್ಲಿ ಏನೂ ಇಲ್ಲದಿದ್ದರೆ ಕಾರಣ ಮೂರರಲ್ಲೊಂದು: ಲಸಿಕೆ ಸತ್ತಿದೆ, ಚುಚ್ಚುವುದು ತಪ್ಪಿದೆ, ಇಲ್ಲವೇ ಕೋಳಿಗಳಿಗೆ ಮೊದಲೇ ಸಿಡುಬಿನ ವಿರುದ್ಧ ಶಕ್ತಿ ಬಂದಿದೆ. ಹೊಸ ಮರಿಗಳಲ್ಲಿ ಮೂರನೆಯದಕ್ಕೆ ಅವಕಾಶ ಕಡಿಮೆ, ಹಾಗಾಗಿ ಬೇರೆ ಬ್ಯಾಚಿನ ಲಸಿಕೆಯಿಂದ ಮತ್ತೆ ಹಾಕುವುದೇ ದಾರಿ.

ಕುಡಿಯುವ ನೀರಿನಲ್ಲಿ

ಸಾವಿರಾರು ಮರಿಗಳನ್ನು ಒಂದೊಂದಾಗಿ ಹಿಡಿಯುವುದು ಕಷ್ಟವಾದ್ದರಿಂದ ದೊಡ್ಡ ಫಾರಂಗಳು ನೀರಿನ ದಾರಿ ಹಿಡಿಯುತ್ತವೆ. ಕೆಲಸ ಹಗುರವಾಗುತ್ತದೆ, ಆದರೆ ತಪ್ಪಿಗೆ ಅವಕಾಶ ಹೆಚ್ಚುತ್ತದೆ. ಪ್ರತಿ ಮರಿಯೂ, ಸಾಕಷ್ಟು, ವೈರಸ್ಸು ಸಾಯುವ ಮೊದಲು ಕುಡಿಯಬೇಕು.

1,000 ಮರಿಗಳ ಒಂದು ಶೆಡ್ಡಿನಲ್ಲಿ 14ನೇ ದಿನ ಗುಂಬೊರೊ ಲಸಿಕೆ ಕೊಡಬೇಕಿದೆ ಎಂದುಕೊಳ್ಳಬಹುದು. ತಯಾರಿ 12ನೇ ದಿನವೇ ಶುರುವಾಗುತ್ತದೆ. ನೀರಿಗೆ ಬ್ಲೀಚಿಂಗ್ ಪೌಡರ್ ಅಥವಾ ಬೇರೆ ಸೋಂಕುನಾಶಕ ಹಾಕುತ್ತಿದ್ದರೆ ಅಂದಿನಿಂದ ನಿಲ್ಲಿಸಬೇಕು. ಕ್ಲೋರಿನ್ ರೋಗಾಣುವನ್ನು ಕೊಲ್ಲುವಂತೆ ಲಸಿಕೆಯ ವೈರಸ್ಸನ್ನೂ ಕೊಲ್ಲುತ್ತದೆ. ನೀರಿನ ಬಟ್ಟಲುಗಳನ್ನು ಸೋಪು, ಸೋಂಕುನಾಶಕ ಮುಟ್ಟಿಸದೆ ಬರೀ ನೀರಿನಲ್ಲಿ ಉಜ್ಜಿ ತೊಳೆಯಬೇಕು. ತುಕ್ಕು ಹಿಡಿದ ಲೋಹದ ಪಾತ್ರೆಗಳ ಬದಲು ಪ್ಲಾಸ್ಟಿಕ್ಕಿನವು ಒಳ್ಳೆಯದು.

ನೀರಿನ ಪ್ರಮಾಣಕ್ಕೆ ಸುಲಭ ಸೂತ್ರವೊಂದಿದೆ. 1,000 ಮರಿಗಳಿಗೆ, ಅವುಗಳ ವಯಸ್ಸು ಎಷ್ಟು ದಿನವೋ ಅಷ್ಟು ಲೀಟರ್. ಅಂದರೆ ಇಲ್ಲಿ 14 ಲೀಟರ್. ಬೇಸಿಗೆಯಲ್ಲಿ ಇದು ಸ್ವಲ್ಪ ಹೆಚ್ಚಬಹುದು. ಲೀಟರಿಗೆ ಎರಡೂವರೆ ಗ್ರಾಂನಂತೆ 35 ಗ್ರಾಂ ಕೆನೆ ತೆಗೆದ ಹಾಲಿನ ಪುಡಿಯನ್ನು ಮೊದಲು ಕರಗಿಸಿ 20ರಿಂದ 30 ನಿಮಿಷ ಬಿಡಬೇಕು. ಹಾಲಿನ ಪ್ರೋಟೀನು ನೀರಿನಲ್ಲಿ ಉಳಿದ ಅಲ್ಪಸ್ವಲ್ಪ ಕ್ಲೋರಿನ್ನನ್ನು ನಿಷ್ಕ್ರಿಯಗೊಳಿಸಿ ವೈರಸ್ಸಿಗೆ ರಕ್ಷಣೆ ಕೊಡುತ್ತದೆ. ಹಾಲು, ಲಸಿಕೆ ಎರಡನ್ನೂ ಒಟ್ಟಿಗೇ ಹಾಕಿದರೆ ಆ ರಕ್ಷಣೆ ತಡವಾಗುತ್ತದೆ. ಕೊನೆಗೆ ಲಸಿಕೆಯ ಸೀಸೆಯನ್ನು ಈ ನೀರಿನೊಳಗೇ ಮುಳುಗಿಸಿ ಮುಚ್ಚಳ ತೆಗೆಯಬೇಕು.

ಲಸಿಕೆಗೆ ಬೆಳಗಿನ ತಂಪು ಹೊತ್ತು ಸೂಕ್ತ. ಅದಕ್ಕೆ ಮೊದಲು ಬೇಸಿಗೆಯಲ್ಲಿ ಒಂದು ಗಂಟೆ, ಚಳಿಯಲ್ಲಿ ಎರಡು ಗಂಟೆ ನೀರು ತೆಗೆದು ಬಾಯಾರಿಸಬೇಕು, ಮೇವು ತೆಗೆಯಬೇಕಿಲ್ಲ. ಬಾಯಾರಿಕೆ ಅತಿಯಾದರೆ ಬಲಿತ ಮರಿಗಳು ನುಗ್ಗಿ ಕುಡಿದುಬಿಡುತ್ತವೆ, ಬಡ ಮರಿಗಳು ಹಿಂದೆ ಉಳಿಯುತ್ತವೆ. ಎಂದಿನ 20 ಬಟ್ಟಲುಗಳಿಗೆ ಇನ್ನೂ 10 ಸೇರಿಸಿದರೆ ಎಲ್ಲಕ್ಕೂ ಜಾಗ ಸಿಗುತ್ತದೆ. ಮರಿಗಳ ನಡುವೆ ಮೆಲ್ಲನೆ ಓಡಾಡಿ ಮೂಲೆಯಲ್ಲಿ ಕುಳಿತವನ್ನು ಎಬ್ಬಿಸಬೇಕು. ನೀರು ಒಂದರಿಂದ ಎರಡು ಗಂಟೆಯಲ್ಲಿ ಖಾಲಿಯಾದರೆ ಲೆಕ್ಕ ಸರಿ. ಅರ್ಧ ಗಂಟೆಗೇ ಮುಗಿದರೆ ಎಷ್ಟೋ ಮರಿಗಳಿಗೆ ಸಿಕ್ಕಿಲ್ಲ. ಮೂರು ಗಂಟೆಯಾದರೂ ಉಳಿದಿದ್ದರೆ ಕೊನೆಗೆ ಕುಡಿದ ನೀರಿನಲ್ಲಿ ಬಲ ಉಳಿದಿರುವುದಿಲ್ಲ. ನಂತರದ 24 ಗಂಟೆಯೂ ಸೋಂಕುನಾಶಕ ಬೆರೆಸಬಾರದು.

ಲಸಿಕೆ ಸೋಲುವುದೆಲ್ಲಿ

ಮೊದಲ ಸೋಲು ಬಿಸಿಯಿಂದ. ತಯಾರಿಕೆಯಿಂದ ಶೆಡ್ಡಿನವರೆಗೆ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಅಂಗಡಿಯಿಂದ ಜೇಬಿನಲ್ಲೋ ಬೈಕಿನ ಡಿಕ್ಕಿಯಲ್ಲೋ ತಂದ ಸೀಸೆ ನೋಡಲು ಹಾಗೆಯೇ ಇರುತ್ತದೆ, ಒಳಗಿನ ವೈರಸ್ಸು ಸತ್ತಿರುತ್ತದೆ. ಐಸ್ ಪ್ಯಾಕ್ ಇಟ್ಟ ಥರ್ಮಾಸ್ ಅಥವಾ ಥರ್ಮೋಕೋಲ್ ಪೆಟ್ಟಿಗೆ ಬೇಕೇ ಬೇಕು. ಫ್ರಿಜ್‌ನಲ್ಲೂ ಪದೇ ಪದೇ ತೆರೆಯುವ ಬಾಗಿಲಿನ ಬದಲು ಮಧ್ಯದ ಅಂಕಣದಲ್ಲಿಡಬೇಕು. ಊರಿನ ಹಿತ್ತಲಲ್ಲಿ 20 ಕೋಳಿ ಇರುವವರಿಗೆ ಸಿಗುವುದು 100 ಡೋಸಿನ ಸೀಸೆ. ಉಳಿದದ್ದನ್ನು ನಾಳೆಗೆ ಇಡಲಾಗದು. ನಾಲ್ಕೈದು ಮನೆಯವರು ಸೇರಿ ಒಂದೇ ಬೆಳಗ್ಗೆ ಹಾಕಿಸಿಕೊಂಡರೆ ಸೀಸೆ ವ್ಯರ್ಥವಾಗುವುದಿಲ್ಲ. ಉಳಿಸುವ ಆಸೆಗೆ ಒಂದು ಡೋಸನ್ನು ಎರಡು ಮಾಡಿದರೆ ಎರಡೂ ಕೋಳಿಗೆ ರಕ್ಷಣೆ ಸಿಗದೆ ಹೋಗಬಹುದು.

ಎರಡನೆಯದು ತಾಯಿಯಿಂದ ಬಂದ ಪ್ರತಿಕಾಯ. ಲಸಿಕೆ ಪಡೆದ ತಾಯಿಕೋಳಿ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಪ್ರತಿಕಾಯ ಕೊಡುತ್ತದೆ. ಅದು ರೋಗದ ವೈರಸ್ಸನ್ನು ತಡೆಯುವಂತೆ ಲಸಿಕೆಯ ವೈರಸ್ಸನ್ನೂ ತಡೆಯುತ್ತದೆ. ಕೊಕ್ಕರೆ ರೋಗದ ವಿಷಯದಲ್ಲಿ ಈ ಪ್ರತಿಕಾಯ ಸುಮಾರು ನಾಲ್ಕೂವರೆ ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ತೀರಾ ಬೇಗ ಹಾಕಿದರೆ ಲಸಿಕೆ ವ್ಯರ್ಥ, ತೀರಾ ತಡವಾದರೆ ರೋಗ ಮೊದಲು ಬರುತ್ತದೆ. ಮರಿ ತಂದ ಹ್ಯಾಚರಿಯಿಂದ ತಾಯಿಕೋಳಿಗಳ ಲಸಿಕೆಯ ವಿವರ ಕೇಳಿ ಪಶುವೈದ್ಯರ ಬಳಿ ದಿನ ನಿಗದಿ ಮಾಡಿಸಿಕೊಳ್ಳಬೇಕಾದದ್ದು ಇದಕ್ಕಾಗಿ. ಮೊದಲ ಹನಿಯಿಂದ ಬರುವ ಶಕ್ತಿ ಅಲ್ಪಕಾಲದ್ದಾದ್ದರಿಂದ ಬೂಸ್ಟರ್ ತಪ್ಪಿಸಿದರೂ ರಕ್ಷಣೆ ಕುಸಿಯುತ್ತದೆ.

ಮೂರನೆಯದು ಲಸಿಕೆಯ ಆಯ್ಕೆ ಮತ್ತು ಕೋಳಿಯ ಸ್ಥಿತಿ. ಆರ್2ಬಿ ಎಂಬ ಕೊಕ್ಕರೆ ರೋಗದ ಲಸಿಕೆ ಬಲವಾದ ತಳಿಯದು. ಮೊದಲು ಸೌಮ್ಯ ಲಸಿಕೆ ಪಡೆದು 6ರಿಂದ 8 ವಾರ ದಾಟಿದ ಕೋಳಿಗಳಿಗೆ ಮಾತ್ರ. ಎಳೆ ಮರಿಗಳಿಗೆ ಹಾಕಿದರೆ ಲಸಿಕೆಯೇ ಕಾಯಿಲೆ ತರಬಹುದು. ಬೂಷ್ಟು ಹಿಡಿದ ಮೇವಿನ ವಿಷಾಂಶ, ಗುಂಬೊರೊ ಸೋಂಕು ಕೋಳಿಯ ಪ್ರತಿರೋಧ ವ್ಯವಸ್ಥೆಯನ್ನೇ ಕುಗ್ಗಿಸುತ್ತವೆ. ಅಂಥ ಕೋಳಿಗೆ ಒಳ್ಳೆಯ ಲಸಿಕೆಯೂ ಪೂರ್ತಿ ಫಲ ಕೊಡದು. ಈಗಾಗಲೇ ರೋಗ ಒಳಸೇರಿದ್ದರೆ ಲಸಿಕೆ ಅದನ್ನು ಹಿಂದಟ್ಟುವುದಿಲ್ಲ.

ಎಲ್ಲಿ ತಪ್ಪಾಯಿತೆಂಬುದನ್ನು ರಕ್ತ ಪರೀಕ್ಷೆ ತೋರಿಸಬಲ್ಲದು. ಕೊಕ್ಕರೆ ರೋಗದ ಲಸಿಕೆ ಹಾಕಿದ ಎರಡು ಮೂರು ವಾರಗಳ ನಂತರ ಸುಮಾರು 20 ಕೋಳಿಗಳ ರಕ್ತ ತೆಗೆದು ಎಚ್‌ಐ ಪರೀಕ್ಷೆ ಮಾಡಿಸಿದರೆ ಪ್ರತಿಕಾಯದ ಮಟ್ಟ ತಿಳಿಯುತ್ತದೆ. ಎಲ್ಲದರಲ್ಲೂ ಮಟ್ಟ ಚೆನ್ನಾಗಿದ್ದು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಕೆಲಸ ಸರಿಯಾಗಿದೆ. ಎಲ್ಲದರಲ್ಲೂ ಕಡಿಮೆಯಿದ್ದರೆ ಲಸಿಕೆ ಸತ್ತಿತ್ತೇ, ತಾಯಿಯ ಪ್ರತಿಕಾಯ ತಡೆಯಿತೇ ಎಂದು ನೋಡಬೇಕು. ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಇಲ್ಲವೇ ಇಲ್ಲ ಎಂದಾದರೆ ಲಸಿಕೆ ಜೀವಂತವಾಗಿತ್ತು, ಎಲ್ಲಕ್ಕೂ ಮುಟ್ಟಲಿಲ್ಲ ಎಂದರ್ಥ. ಆಗ ಬದಲಿಸಬೇಕಾದದ್ದು ಹಾಕುವ ಕ್ರಮವನ್ನು.